ಹೀಲಿಯಂ ಬೀಜದ ತೂಕದಲ್ಲಿ ಕಾಣುವ ಕೊರತೆ

ಬಿಡಿಭಾಗಗಳ ತೂಕವನ್ನು ಕೂಡಿಸಿದರೆ ಇಡಿಯ ತೂಕ ದೊರೆಯಬೇಕೆಂಬುದು ಲೋಕರೂಢಿಯ ನಂಬಿಕೆ. ಪರಮಾಣುವಿನ ಬೀಜದಲ್ಲಿ ಈ ಲೆಕ್ಕ ಸರಿಹೊಂದುವುದಿಲ್ಲ.

ಹೀಲಿಯಂ ಬೀಜದಲ್ಲಿ ಎರಡು ಪ್ರೋಟಾನುಗಳೂ ಎರಡು ನ್ಯೂಟ್ರಾನುಗಳೂ ಇವೆ. ಈ ಎರಡು ಬಗೆಯ ಕಣಗಳಿಗೂ ನ್ಯೂಕ್ಲಿಯಾನ್ ಎಂಬುದೇ ಸಾಮಾನ್ಯ ಹೆಸರು. ಇಂಗಾಲ-12 ಪರಮಾಣುವಿನ ದ್ರವ್ಯರಾಶಿಯ ಹನ್ನೆರಡನೆಯ ಒಂದು ಭಾಗವನ್ನು ಏಕಮಾನವೆಂದು ಹಿಡಿದರೆ, ಬಿಡಿ ಪ್ರೋಟಾನಿನ ದ್ರವ್ಯರಾಶಿ 1.007276, ಬಿಡಿ ನ್ಯೂಟ್ರಾನಿನದು 1.008665. ಎರಡೆರಡನ್ನು ಕೂಡಿಸಿದಾಗ ಬರುವ ಮೊತ್ತ 4.031882. ಆದರೆ ಹೀಲಿಯಂ ಬೀಜದ ದ್ರವ್ಯರಾಶಿ 4.001506 ಮಾತ್ರ. ಉಳಿದ 0.030376 ಏಕಮಾನವೇ ದ್ರವ್ಯರಾಶಿ ಕೊರತೆ.

ಐನ್‌ಸ್ಟೈನರ E = mc² ಸೂತ್ರದಂತೆ ಒಂದು ಏಕಮಾನ ದ್ರವ್ಯರಾಶಿ 931.5 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಗೆ ಸಮ. ಅದರಿಂದ ಗುಣಿಸಿದರೆ ಕೊರತೆಯ ಬೆಲೆ ಸುಮಾರು 28.3 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಆಗುತ್ತದೆ. ಇದು ಹೀಲಿಯಂ ಬೀಜದ ಬಂಧನಶಕ್ತಿ. ನಾಲ್ಕು ನ್ಯೂಕ್ಲಿಯಾನುಗಳಿಗೆ ಹಂಚಿದರೆ ತಲಾ 7.07 ಬರುತ್ತದೆ.

ಇಲ್ಲಿ ಪದವೇ ಓದುಗನನ್ನು ದಾರಿ ತಪ್ಪಿಸಬಲ್ಲದು. ಬಂಧನಶಕ್ತಿ ಎಂದೊಡನೆ ಬೀಜದೊಳಗೆ ಕೂಡಿಟ್ಟ ಶಕ್ತಿಯೆಂದು ತೋರುತ್ತದೆ. ವಾಸ್ತವದಲ್ಲಿ ಅದು ಬೀಜದಲ್ಲಿಲ್ಲದ ಶಕ್ತಿ. ಕಣಗಳು ಒಂದುಗೂಡುವಾಗ ಹೊರಗೆ ಹೋದದ್ದು. ಬೀಜ ಹಗುರವಾಗಿರುವುದು ಆ ಕಾರಣದಿಂದಲೇ. ಕಣಗಳನ್ನು ಮತ್ತೆ ಬಿಡಿಬಿಡಿಯಾಗಿಸಬೇಕಾದರೆ ಅಷ್ಟನ್ನೂ ಹೊರಗಿನಿಂದ ತುಂಬಿಕೊಡಬೇಕು. ಆದುದರಿಂದ ಬಂಧನಶಕ್ತಿಯನ್ನು ಬೀಜದ ಸಂಪತ್ತೆನ್ನುವುದಕ್ಕಿಂತ ಅದರ ಸಾಲವೆನ್ನುವುದು ಹೆಚ್ಚು ಒಪ್ಪುತ್ತದೆ. ಸಾಲ ಹೆಚ್ಚಾದಷ್ಟೂ ಬಿಡುಗಡೆ ಕಷ್ಟ. ಒಂದು ಪ್ರೋಟಾನ್ ಮತ್ತು ಒಂದು ನ್ಯೂಟ್ರಾನ್ ಮಾತ್ರವುಳ್ಳ ಡ್ಯೂಟೀರಿಯಂ ಬೀಜದಲ್ಲಿ ಈ ಸಾಲ ತಲಾ 1.1ರಷ್ಟೇ, ಆದುದರಿಂದ ಅದನ್ನು ಒಡೆಯುವುದು ಹೀಲಿಯಂ ಬೀಜವನ್ನು ಒಡೆಯುವುದಕ್ಕಿಂತ ಬಹಳ ಸುಲಭ.

ಲೆಕ್ಕದಲ್ಲಿಯೂ ಒಂದು ತಪ್ಪು ನುಸುಳುವುದುಂಟು. ಕೋಷ್ಟಕಗಳಲ್ಲಿ ಸಾಮಾನ್ಯವಾಗಿ ದೊರೆಯುವುದು ಬೀಜದ ದ್ರವ್ಯರಾಶಿಯಲ್ಲ, ಇಡೀ ಪರಮಾಣುವಿನದು: 4.002603. ಇದರಲ್ಲಿ ಎರಡು ಎಲೆಕ್ಟ್ರಾನುಗಳೂ ಸೇರಿವೆ. ಇದನ್ನೇ ಬೀಜದ್ದೆಂದು ಭಾವಿಸಿ ಕಳೆದರೆ ಬಂಧನಶಕ್ತಿ 27.3 ಎಂದು ಬರುತ್ತದೆ. ಉತ್ತರದಲ್ಲಿ ಹೀಗೆ ಒಂದರಷ್ಟು ಕಡಿಮೆಯಾದರೆ, ಎಲೆಕ್ಟ್ರಾನುಗಳನ್ನು ಮರೆತದ್ದೇ ಕಾರಣವೆಂದು ತಿಳಿಯಬಹುದು. ಪ್ರೋಟಾನಿನ ಬದಲು ಹೈಡ್ರೋಜನ್ ಪರಮಾಣುವಿನ 1.007825 ಎಂಬ ಬೆಲೆಯನ್ನು ಬಳಸಿದರೆ ಎರಡೂ ಕಡೆಯ ಎಲೆಕ್ಟ್ರಾನುಗಳು ಸಮವಾಗಿ, ಮೊದಲಿನ 28.3 ಮರಳಿ ದೊರೆಯುತ್ತದೆ.

ಹೀಲಿಯಂ ಪರಮಾಣು ನಾಲ್ಕು ಹೈಡ್ರೋಜನ್ ಪರಮಾಣುಗಳಿಗಿಂತ ಹಗುರವೆಂಬುದನ್ನು ಅಳೆದು ತೋರಿಸಿದವರು ಇಂಗ್ಲೆಂಡಿನ ಆಸ್ಟನ್. ಆ ಅಳತೆಯನ್ನು ಆಧರಿಸಿ, ಸೂರ್ಯನ ಬೆಳಕಿಗೆ ಈ ಕೊರತೆಯೇ ಮೂಲವಾಗಿರಬಹುದೆಂದು ಖಗೋಳಜ್ಞ ಎಡಿಂಗ್ಟನ್ 1920ರಲ್ಲಿ ಸೂಚಿಸಿದರು. ಸೂರ್ಯನ ಒಡಲಲ್ಲಿ ಹೈಡ್ರೋಜನ್ ಹೀಲಿಯಂ ಆಗುವಾಗ ತೂಕದಲ್ಲಿ ಕಾಣೆಯಾದುದೇ ಬಿಸಿಲಾಗಿ ಭೂಮಿಗೆ ಬರುತ್ತಿದೆ.