ಒಂದು ದಿನದ ಗೈರುಹಾಜರಿಗೆ ಎಷ್ಟು ಸಂಬಳ ಕಟ್?

ಮಂಜೂರಾದ ರಜೆಯಿಲ್ಲದೆ ಕೆಲಸಕ್ಕೆ ಬಾರದ ದಿನಕ್ಕೆ ಸಂಬಳ ಸಿಗುವುದಿಲ್ಲ. ಇದಕ್ಕೆ ಕಚೇರಿಗಳಲ್ಲಿ ಲಾಸ್ ಆಫ್ ಪೇ, ಪೇ ಸ್ಲಿಪ್ಪಿನಲ್ಲಿ ಎಲ್‌ಒಪಿ, ಕಾರ್ಖಾನೆಯ ಗೇಟಿನ ಬಳಿ ಸೀದಾ ‘ಸಂಬಳ ಕಟ್’ ಎನ್ನುತ್ತಾರೆ. ಇದು ದಂಡವಲ್ಲ. ದಂಡಕ್ಕೆ ಕಾಯ್ದೆಯಲ್ಲಿ ಬೇರೆಯೇ ನಿಯಮವಿದೆ, ಅದು ಆ ಅವಧಿಯ ವೇತನದ ಶೇ 3ನ್ನು ಮೀರುವಂತಿಲ್ಲ. ಎಲ್‌ಒಪಿ ಎಂದರೆ ಮಾಡದ ಕೆಲಸಕ್ಕೆ ಹಣ ಕೊಡದಿರುವುದು, ಅಷ್ಟೇ. ಹಾಗಾಗಿ ಕಡಿತವೂ ಬಾರದ ದಿನಗಳಿಗೆ ತಕ್ಕಷ್ಟೇ ಇರಬೇಕು.

ಲೆಕ್ಕ ನೋಡಲು ಸುಲಭ: ತಿಂಗಳ ಸಂಬಳವನ್ನು ದಿನಗಳಿಂದ ಭಾಗಿಸಿ, ಬಾರದ ದಿನಗಳಿಂದ ಗುಣಿಸುವುದು. ತಕರಾರು ಹುಟ್ಟುವುದು ಎಷ್ಟು ದಿನಗಳಿಂದ ಭಾಗಿಸಬೇಕು ಎಂಬಲ್ಲಿ. ಕೆಲವು ಕಡೆ ಭಾನುವಾರಗಳನ್ನು ಬಿಟ್ಟು 26ರಿಂದ ಭಾಗಿಸುತ್ತಾರೆ, ಕೆಲವು ಕಡೆ ಯಾವ ತಿಂಗಳಾದರೂ 30ರಿಂದ, ಇನ್ನು ಕೆಲವು ಕಡೆ ಆಯಾ ತಿಂಗಳ 28, 30 ಅಥವಾ 31ರಿಂದ.

ಕಾರ್ಖಾನೆಯೊಂದರ ಸ್ಟೋರ್ ಕೀಪರ್‌ಗೆ ತಿಂಗಳಿಗೆ 23,400 ರೂಪಾಯಿ ಸಂಬಳ ಎಂದಿಟ್ಟುಕೊಳ್ಳಬಹುದು. ತಿಂಗಳಲ್ಲಿ 30 ದಿನ, ನಾಲ್ಕು ಭಾನುವಾರ, ಬೇರೆ ರಜೆಯಿಲ್ಲ. ಕೆಲಸದ ದಿನಗಳು 26. ಆತ ಒಂದು ಶನಿವಾರ ಮತ್ತು ಅದರ ಮುಂದಿನ ಸೋಮವಾರ ಹೇಳದೆ ಕೇಳದೆ ಗೈರಾದ. 26ರಿಂದ ಭಾಗಿಸಿದರೆ ದಿನಕ್ಕೆ 900, ಎರಡು ದಿನಕ್ಕೆ 1,800 ರೂಪಾಯಿ. 30ರಿಂದ ಭಾಗಿಸಿದರೆ ದಿನಕ್ಕೆ 780, ಎರಡು ದಿನಕ್ಕೆ 1,560.

ನಡುವಿನ ಭಾನುವಾರವನ್ನೂ ಗೈರುಹಾಜರಿಗೆ ಸೇರಿಸುವ ಪದ್ಧತಿ ಹಲವು ಕಡೆ ಇದೆ, ಅದಕ್ಕೆ ‘ಸ್ಯಾಂಡ್‌ವಿಚ್’ ಎಂಬ ಅಡ್ಡಹೆಸರೂ ಇದೆ. 26ರಿಂದ ಭಾಗಿಸಿ ಮೂರು ದಿನ ಹಿಡಿದರೆ ಕಡಿತ 2,700ಕ್ಕೆ ಏರುತ್ತದೆ. ಇಲ್ಲಿ ಲೆಕ್ಕವೇ ತಪ್ಪು. ಭಾಗಿಸುವಾಗ ಲೆಕ್ಕಕ್ಕಿಲ್ಲದ ಭಾನುವಾರ, ಕಡಿಯುವಾಗ ಮಾತ್ರ ಹಾಜರಾಗುತ್ತದೆ. ತಪ್ಪನ್ನು ಕಂಡುಹಿಡಿಯಲು ಒಂದು ದಾರಿಯಿದೆ: ಆತ ಇಡೀ ತಿಂಗಳು ಬರಲೇ ಇಲ್ಲ ಎಂದು ಊಹಿಸುವುದು. 900 ರೂಪಾಯಿಯಂತೆ 30 ದಿನಕ್ಕೆ 27,000, ಅಂದರೆ ಕಡಿತ ಸಂಬಳವನ್ನೇ ಮೀರಿತು!

ಯಾವಾಗಲೂ 30ರಿಂದಲೇ ಭಾಗಿಸುವ ಕಡೆಯೂ ಇದೇ ಪರೀಕ್ಷೆ ಒಂದು ಓರೆಕೋರೆ ತೋರಿಸುತ್ತದೆ. 31 ದಿನಗಳ ತಿಂಗಳಲ್ಲಿ ಒಂದೇ ದಿನ ದುಡಿದವನಿಗೆ ಉಳಿದ 30 ದಿನ ಕಟ್ ಆದರೆ, ದುಡಿದ ದಿನಕ್ಕೂ ಸೊನ್ನೆ. 28 ದಿನಗಳ ಫೆಬ್ರುವರಿ ಪೂರ್ತಿ ಬಾರದವನಿಗೆ ಎರಡು ದಿನದ ಸಂಬಳ ಪುಕ್ಕಟೆ. ಗೈರುಹಾಜರಿ ಒಂದೆರಡು ದಿನವಿದ್ದಾಗ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ದೀರ್ಘವಾದಾಗ ದುಡಿದ ದಿನಗಳನ್ನು ಎಣಿಸಿ ಅಷ್ಟಕ್ಕೆ ಸಂಬಳ ಕೊಡುವುದೇ ಸರಿಯಾದ ದಾರಿ.

ಕಾಯ್ದೆ 26, 30 ಎಂಬ ಯಾವ ಅಂಕಿಯನ್ನೂ ಹೇಳಿಲ್ಲ. 1936ರ ವೇತನ ಪಾವತಿ ಕಾಯ್ದೆಯ 9ನೇ ಕಲಂ ಒಂದು ಪ್ರಮಾಣವನ್ನು ಹಾಕಿಕೊಟ್ಟಿತು, 2019ರ ವೇತನ ಸಂಹಿತೆಯ 20ನೇ ಕಲಂ ಅದನ್ನೇ ಮುಂದುವರಿಸಿದೆ. ನೌಕರ ಕೆಲಸ ಮಾಡಬೇಕಾಗಿದ್ದ ಅವಧಿಯಲ್ಲಿ ಎಷ್ಟು ಭಾಗ ಗೈರಾದನೋ, ವೇತನದಲ್ಲಿ ಅಷ್ಟು ಭಾಗಕ್ಕಿಂತ ಹೆಚ್ಚು ಕಡಿಯುವಂತಿಲ್ಲ. ಸ್ಟೋರ್ ಕೀಪರ್ ಕೆಲಸ ಮಾಡಬೇಕಾಗಿದ್ದುದು 26 ದಿನ, ಬಾರದ್ದು ಎರಡು ದಿನ. ಆದ್ದರಿಂದ 1,800 ರೂಪಾಯಿ ಗರಿಷ್ಠ ಮಿತಿ. 1,560 ಕಡಿದರೆ ಮಿತಿಯೊಳಗೇ ಇದೆ. ಆದರೆ 30ರಿಂದ ಭಾಗಿಸಿ ಭಾನುವಾರವನ್ನೂ ಸೇರಿಸಿ 2,340 ಕಡಿದರೆ, ಗಣಿತದಲ್ಲಿ ಹೊಂದಿಕೆಯಾದರೂ ಈ ಅಳತೆಯನ್ನು ಮೀರುತ್ತದೆ. ಭಾನುವಾರ ಆತ ಬರಬೇಕಾಗಿರಲೇ ಇಲ್ಲವಲ್ಲ.

ಕಡಿತ ಸಂಬಳದ ಎಲ್ಲ ಬಾಬತ್ತುಗಳ ಮೇಲೂ ಹಂಚಿಹೋಗುತ್ತದೆ. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 13,000, ಉಳಿದ ಭತ್ಯೆಗಳು 10,400 ಇದ್ದರೆ, ಎರಡು ದಿನಕ್ಕೆ ಮೊದಲನೆಯದರಲ್ಲಿ 1,000, ಎರಡನೆಯದರಲ್ಲಿ 800 ಹೋಗುತ್ತದೆ. ಪಿಎಫ್ ಅನ್ನು 13,000ದ ಮೇಲೆ ಶೇ 12ರಂತೆ ಹಿಡಿಯುತ್ತಿದ್ದರೆ ಅದು 1,560ರಿಂದ 1,440ಕ್ಕೆ ಇಳಿಯುತ್ತದೆ. ಹೀಗಾಗಿ ಕೈಗೆ ಬರುವ ಹಣ 1,800ರಷ್ಟಲ್ಲ, 1,680ರಷ್ಟು ಕಡಿಮೆಯಾಗುತ್ತದೆ. ಉಳಿದ 120 ರೂಪಾಯಿ ಪಿಎಫ್ ಖಾತೆಗೆ ಹೋಗದೆ ನಿಂತದ್ದು. ಮಾಲೀಕರ ಪಾಲೂ ಅಷ್ಟೇ ಇಳಿಯುತ್ತದೆ. ಪೇ ಸ್ಲಿಪ್ಪಿನಲ್ಲಿ ಸಂಬಳದ ದಿನ ಮತ್ತು ಎಲ್‌ಒಪಿ ದಿನಗಳನ್ನು ಕೂಡಿದರೆ ಭಾಗಿಸಿದ ಅಂಕಿಯೇ ಬರಬೇಕು. 24 ಮತ್ತು 2 ಸೇರಿದರೆ 26. ಬಾರದಿದ್ದರೆ ಹಾಜರಿ ಪುಸ್ತಕವನ್ನು ಮುಂದಿಟ್ಟುಕೊಂಡು ಕೇಳಲು ಕಾರಣವಿದೆ.

ಪ್ರಮಾಣದ ಈ ನಿಯಮಕ್ಕೆ ಒಂದು ದೊಡ್ಡ ಅಪವಾದವುಂಟು. ಹತ್ತು ಅಥವಾ ಹೆಚ್ಚು ನೌಕರರು ಒಗ್ಗಟ್ಟಾಗಿ, ಕರಾರಿನಂತೆ ಕೊಡಬೇಕಾದ ನೋಟಿಸ್ ಕೊಡದೆ, ಸಮಂಜಸ ಕಾರಣವಿಲ್ಲದೆ ಗೈರಾದರೆ, ನೋಟಿಸಿನ ಬದಲಿಗೆ ಎಂಟು ದಿನಗಳವರೆಗಿನ ವೇತನವನ್ನು ಕಡಿಯಲು ಅವಕಾಶವಿದೆ.