ಹೂಡಿಕೆಗೂ ಮೊದಲು ವಿಮೆ ಏಕೆ? ಮಾಮೂ ಮಾರಿದ 606 ಯೂನಿಟ್‌ಗಳ ಲೆಕ್ಕ

ನಮ್ಮ ತರಗತಿಯಲ್ಲಿ ಈಗ ಎಸ್‌ಐಪಿ ಬಗ್ಗೆ ಮಾತಾಡದವರೇ ಇಲ್ಲ. ಹದಿನೆಂಟು ತುಂಬಿದ ಮೇಲೆ ತಿಂಗಳಿಗೆ 500 ರೂಪಾಯಿಯಾದರೂ ಮ್ಯೂಚುವಲ್ ಫಂಡಿಗೆ ಹಾಕಬೇಕು ಎಂದು ಹಲವರು ಹೇಳುತ್ತಾರೆ. ನನಗೂ ಆ ಆಸೆಯಿದೆ. ಆದರೆ ನಮ್ಮ ಮನೆಯಲ್ಲಿ ಆ ಮಾತು ಎತ್ತಿದಾಗಲೆಲ್ಲ ನನ್ನ ಮಾಮೂ ಒಂದೇ ಪ್ರಶ್ನೆ ಕೇಳುತ್ತಾರೆ: "ಮೊದಲು ಹೇಳು, ನಿಮ್ಮ ಅಬ್ಬಾ ಹತ್ತಿರ ಎಷ್ಟು ಲಕ್ಷದ ಹೆಲ್ತ್ ಪಾಲಿಸಿ ಇದೆ?" ಅವರು ಹೀಗೆ ಕೇಳಲು ಕಾರಣವಿದೆ. ಆ ಕಾರಣವನ್ನು ಲೆಕ್ಕದ ಸಮೇತ ಇಲ್ಲಿ ಬರೆಯುತ್ತಿದ್ದೇನೆ. ಅಂಕಿಗಳನ್ನು ಸುಲಭವಾಗಲೆಂದು ದುಂಡು ಮಾಡಿದ್ದೇನೆ. ಬರೆಯಲು ಮಾಮೂ ಒಪ್ಪಿಗೆ ಕೊಟ್ಟಿದ್ದಾರೆ.

ಮಾಮೂ ಅವರದು ಸಣ್ಣ ಹಾರ್ಡ್‌ವೇರ್ ಅಂಗಡಿ. ಅವರು 2015ರಿಂದ ಐದು ವರ್ಷ, ತಿಂಗಳಿಗೆ 10,000 ರೂಪಾಯಿಯಂತೆ, ಸೆನ್ಸೆಕ್ಸ್ ಸೂಚ್ಯಂಕವನ್ನು ಅನುಸರಿಸುವ ಒಂದು ಫಂಡಿಗೆ ಹಾಕಿದ್ದರು. ಒಟ್ಟು ಹಾಕಿದ್ದು 6,00,000 ರೂಪಾಯಿ. 2020ರ ಜನವರಿ ಮಧ್ಯದಲ್ಲಿ ಸೆನ್ಸೆಕ್ಸ್ ಸುಮಾರು 41,950ರಲ್ಲಿದ್ದಾಗ ಅದರ ಬೆಲೆ 8,00,000 ಆಗಿತ್ತು. ಅವರ ಬಳಿ 1,000 ಯೂನಿಟ್ ಇದ್ದವು, ಒಂದು ಯೂನಿಟ್‌ಗೆ 800 ರೂಪಾಯಿ ಎಂದು ಇಟ್ಟುಕೊಳ್ಳಿ.

ಹೆಲ್ತ್ ಪಾಲಿಸಿಯೂ ಇತ್ತು. ಆದರೆ ಅದು ಬಹಳ ವರ್ಷಗಳ ಹಿಂದೆ ಮಾಡಿಸಿದ 2,00,000 ರೂಪಾಯಿಯ ಪಾಲಿಸಿ. ಆಸ್ಪತ್ರೆಯ ಖರ್ಚು ವರ್ಷ ವರ್ಷ ಏರಿದರೂ ವಿಮಾ ಮೊತ್ತ ಅಲ್ಲೇ ನಿಂತಿತ್ತು. ಪ್ರತಿ ವರ್ಷ ಪ್ರೀಮಿಯಂ ಕಟ್ಟುತ್ತಿದ್ದರಿಂದ "ನಮಗೆ ವಿಮೆ ಇದೆ" ಎಂಬ ಧೈರ್ಯ ಮಾತ್ರ ಮನೆಯಲ್ಲಿತ್ತು.

2020ರ ಮಾರ್ಚ್‌ನಲ್ಲಿ ಮಾಮೂಗೆ ಎದೆನೋವು ಬಂತು. ಬೈಪಾಸ್ ಆಪರೇಷನ್ ಮಾಡಬೇಕಾಯಿತು. ಬಿಲ್ 5,00,000 ರೂಪಾಯಿ. ವಿಮಾ ಕಂಪನಿ ತನ್ನ ಮಿತಿಯಾದ 2,00,000 ಕೊಟ್ಟಿತು. ಉಳಿದ 3,00,000 ನಾವೇ ಹೊಂದಿಸಬೇಕಿತ್ತು. ಆಗ ನಾನು ಆರನೇ ತರಗತಿ. ಅಬ್ಬಾ ಮತ್ತು ಖಾಲೂ ಫೋನ್ ಹಿಡಿದು ಕುಳಿತಿದ್ದು ನೆನಪಿದೆ. ಕೈಗಡ ಕೇಳಿದರೆ ಯಾರೂ ಕೊಡುವ ಸ್ಥಿತಿಯಲ್ಲಿರಲಿಲ್ಲ. ಕೊರೊನಾ ಭಯಕ್ಕೆ ಎಲ್ಲರೂ ಕೈಯಲ್ಲಿದ್ದ ಹಣವನ್ನು ಬಿಗಿಯಾಗಿ ಹಿಡಿದಿದ್ದರು. ಉಳಿದ ದಾರಿ ಒಂದೇ, ಫಂಡ್ ಮಾರುವುದು.

ಆ ದಿನ ಮಾರ್ಚ್ 23. ಅಂದು ಒಂದೇ ದಿನದಲ್ಲಿ ಸೆನ್ಸೆಕ್ಸ್ ಶೇಕಡಾ 13ರಷ್ಟು ಕುಸಿದು 25,981ಕ್ಕೆ ಮುಕ್ತಾಯವಾಯಿತು. ಜನವರಿಯ ಮಟ್ಟಕ್ಕಿಂತ ಶೇಕಡಾ 38 ಕಡಿಮೆ. ಮಾಮೂ ಅವರ 800 ರೂಪಾಯಿಯ ಯೂನಿಟ್ 495 ರೂಪಾಯಿಗೆ ಬಂದಿತ್ತು. 3,00,000 ರೂಪಾಯಿ ಬೇಕೆಂದರೆ ಈಗ 606 ಯೂನಿಟ್ ಮಾರಬೇಕು. ಜನವರಿಯಲ್ಲಾಗಿದ್ದರೆ ಇದೇ ಹಣಕ್ಕೆ 375 ಯೂನಿಟ್ ಸಾಕಿತ್ತು. ಅಂದರೆ ಬಿಲ್ ಅದೇ, ಕಾಯಿಲೆ ಅದೇ, ಆದರೆ 231 ಯೂನಿಟ್ ಹೆಚ್ಚಿಗೆ ಹೋದವು.

ಮುಂದೆ ಏನಾಯಿತು ಎಂಬುದು ಎಲ್ಲರಿಗೂ ಗೊತ್ತು. 2020ರ ನವೆಂಬರ್ 9ಕ್ಕೆ ಸೆನ್ಸೆಕ್ಸ್ 42,597ಕ್ಕೆ ಏರಿ ಹಳೆಯ ದಾಖಲೆ ಮುರಿಯಿತು. ಯೂನಿಟ್ ಬೆಲೆ ಸುಮಾರು 812 ಆಯಿತು. ಮಾರಿದ 606 ಯೂನಿಟ್‌ಗಳು ಕೈಯಲ್ಲಿದ್ದಿದ್ದರೆ ಅವುಗಳ ಬೆಲೆ ಸುಮಾರು 4,92,000. ಎಂಟು ತಿಂಗಳೂ ಆಗಿರಲಿಲ್ಲ, 1,92,000 ರೂಪಾಯಿಯ ವ್ಯತ್ಯಾಸ. ಮಾರುಕಟ್ಟೆ ಏರಿದಾಗ ಅದರ ಲಾಭ ಉಳಿದ 394 ಯೂನಿಟ್‌ಗಳಿಗೆ ಮಾತ್ರ ಸಿಕ್ಕಿತು.

ಇಲ್ಲಿ ಮಾಮೂ ಹೂಡಿಕೆಯಲ್ಲಿ ತಪ್ಪು ಮಾಡಲಿಲ್ಲ. ಭಯಪಟ್ಟು ಮಾರಲೂ ಇಲ್ಲ. "ಬಿದ್ದಾಗ ಮಾರಬೇಡಿ, ಕಾಯಿರಿ" ಎಂದು ಎಲ್ಲರೂ ಹೇಳುತ್ತಾರೆ. ಆದರೆ ಕಾಯುವುದು ನಮ್ಮ ಕೈಯಲ್ಲಿದ್ದಾಗ ಮಾತ್ರ ಆ ಮಾತು ನಡೆಯುತ್ತದೆ. ಡಿಸ್ಚಾರ್ಜ್ ಆಗುವ ದಿನ ಬಿಲ್ ಕಟ್ಟಬೇಕೆಂದರೆ ಮಾರುವ ದಿನವನ್ನು ಆಸ್ಪತ್ರೆಯೇ ನಿರ್ಧರಿಸಿದ ಹಾಗೆ. ವಿಮೆಯಲ್ಲಿ ಎಷ್ಟು ಕೊರತೆ ಇದೆಯೋ ಅಷ್ಟು ಹೂಡಿಕೆ, ನಮಗೆ ಗೊತ್ತಿಲ್ಲದೆಯೇ, ಆಸ್ಪತ್ರೆಗೆ ಅಡವಿಟ್ಟಂತೆ ಇರುತ್ತದೆ.

ಜೀವ ವಿಮೆಯ ಕೊರತೆ ಇನ್ನೂ ದೊಡ್ಡದು, ಏಕೆಂದರೆ ಅಲ್ಲಿ ಮಾರಾಟ ಒಂದು ಸಲಕ್ಕೆ ಮುಗಿಯುವುದಿಲ್ಲ. ಅಲ್ಲಾಹನ ದಯೆಯಿಂದ ಮಾಮೂ ಚೇತರಿಸಿಕೊಂಡರು. ಹಾಗಾಗದಿದ್ದರೆ? ಮನೆಯ ಖರ್ಚು ತಿಂಗಳಿಗೆ 30,000. ಯೂನಿಟ್‌ಗೆ 495ರ ಬೆಲೆಯಲ್ಲಿ ಮುಮಾನಿ ಪ್ರತಿ ತಿಂಗಳು 60 ಯೂನಿಟ್ ಮಾರಬೇಕಿತ್ತು. ಪೂರ್ತಿ 1,000 ಯೂನಿಟ್ ಇದ್ದಿದ್ದರೂ ಆ ಬೆಲೆಯಲ್ಲಿ ಹದಿನಾರು ತಿಂಗಳಿಗೆ ಮುಗಿಯುತ್ತಿತ್ತು. ಅವರ ಕಿರಿಯ ಮಗಳಿಗೆ ಆಗ ಹತ್ತು ವರ್ಷ.

ಎಷ್ಟು ಜೀವ ವಿಮೆ ಬೇಕಿತ್ತು? ಕಿರಿಯ ಮಗಳು ತನ್ನ ಕಾಲ ಮೇಲೆ ನಿಲ್ಲುವವರೆಗೆ 12 ವರ್ಷ ಎಂದುಕೊಳ್ಳೋಣ. ವರ್ಷಕ್ಕೆ 3,60,000ರಂತೆ 43,20,000. ಹೋಲ್‌ಸೇಲ್ ವ್ಯಾಪಾರಿಗಳಿಗೆ ಕೊಡಬೇಕಾದ ಬಾಕಿ 4,00,000 ಸೇರಿಸಿ. ಇರುವ ಹೂಡಿಕೆಯನ್ನು ಕಳೆಯಿರಿ, ಆದರೆ 8,00,000 ಎಂದಲ್ಲ, ಬಿದ್ದ ಬೆಲೆಯಾದ 5,00,000 ಎಂದು. ಬರುವ ಉತ್ತರ 42,20,000. ಬೆಲೆ ಏರಿಕೆಯನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಆದ್ದರಿಂದ 50,00,000 ಎಂದು ಇಟ್ಟುಕೊಳ್ಳುವುದು ಸರಿ. ಮಾಮೂ ಬಳಿ ಇದ್ದದ್ದು 3,00,000ದ ಎಂಡೋಮೆಂಟ್ ಪಾಲಿಸಿ. ಅಂಥ ಪಾಲಿಸಿಯಲ್ಲಿ ಪ್ರೀಮಿಯಂನ ಹೆಚ್ಚಿನ ಭಾಗ ಉಳಿತಾಯಕ್ಕೆ ಹೋಗುತ್ತದೆ, ಆದ್ದರಿಂದ ವಿಮಾ ಮೊತ್ತ ಚಿಕ್ಕದಾಗಿರುತ್ತದೆ. ಟರ್ಮ್ ಪಾಲಿಸಿಯಲ್ಲಿ ಬದುಕಿದ್ದರೆ ಏನೂ ವಾಪಸ್ ಬರುವುದಿಲ್ಲ. ಅದಕ್ಕೇ ಅದೇ ಪ್ರೀಮಿಯಂಗೆ ಹಲವು ಪಟ್ಟು ದೊಡ್ಡ ಮೊತ್ತ ಸಿಗುತ್ತದೆ.

ಹಾಗಾದರೆ ಇದನ್ನು ಸರಿಪಡಿಸುವುದು ಹೇಗೆ?

ಮೊದಲು ಹೆಲ್ತ್ ಪಾಲಿಸಿ. ಮಾಮೂ ತಮ್ಮ ಹಳೆಯ ಪಾಲಿಸಿಯನ್ನು ಬಿಡಬೇಕಾಗಿರಲಿಲ್ಲ. ಅದರ ಮೇಲೆ "ಸೂಪರ್ ಟಾಪ್-ಅಪ್" ಮಾಡಿಸಿದ್ದರೆ ಸಾಕಿತ್ತು. ಇದರಲ್ಲಿ ಒಂದು ಗಡಿ ಇರುತ್ತದೆ, ಅದಕ್ಕೆ ಡಿಡಕ್ಟಿಬಲ್ ಎನ್ನುತ್ತಾರೆ. ಗಡಿ 2,00,000 ಎಂದಿದ್ದರೆ ವರ್ಷದ ಒಟ್ಟು ಆಸ್ಪತ್ರೆ ಖರ್ಚಿನಲ್ಲಿ ಮೊದಲ 2,00,000 ಹಳೆಯ ಪಾಲಿಸಿಯದು, ಅದರ ಮೇಲಿನದು ಸೂಪರ್ ಟಾಪ್-ಅಪ್‌ನದು. ಸಣ್ಣ ಸಣ್ಣ ಕ್ಲೇಮ್‌ಗಳು ಇದಕ್ಕೆ ಬರುವುದಿಲ್ಲವಾದ್ದರಿಂದ ಪ್ರೀಮಿಯಂ ಕಡಿಮೆ. ಮಾಮೂ ಅವರ 3,00,000ದ ಕೊರತೆ ಬಹುಪಾಲು ಇಲ್ಲೇ ಮುಚ್ಚಿಹೋಗುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಮತ್ತು ಜೀವ ವಿಮೆಗೆ ಜಿಎಸ್‌ಟಿಯೂ ಇಲ್ಲ.

ಮೊತ್ತ ದೊಡ್ಡದಿದ್ದರೆ ಮಾತ್ರ ಸಾಲದು, ಕೊಠಡಿ ಬಾಡಿಗೆಯ ಮಿತಿಯನ್ನೂ ನೋಡಬೇಕು. 5,00,000ದ ಪಾಲಿಸಿಯಲ್ಲಿ ದಿನಕ್ಕೆ ಶೇಕಡಾ 1 ಎಂದಿದ್ದರೆ 5,000 ರೂಪಾಯಿಯ ಕೊಠಡಿ ಮಾತ್ರ. ನಾವು 10,000ದ ಕೊಠಡಿ ತೆಗೆದುಕೊಂಡರೆ ಹೆಚ್ಚಿನ ಬಾಡಿಗೆಯನ್ನಷ್ಟೇ ಕಟ್ಟಿದರೆ ಮುಗಿಯುವುದಿಲ್ಲ. ವೈದ್ಯರ ಮತ್ತು ಆಪರೇಷನ್‌ನ ಶುಲ್ಕವನ್ನೂ ಅದೇ ಅನುಪಾತದಲ್ಲಿ ಅರ್ಧ ಮಾಡುತ್ತಾರೆ. ಆ ಶುಲ್ಕ 2,00,000 ಇದ್ದರೆ 1,00,000 ನಮ್ಮ ಜೇಬಿನಿಂದ ಹೋಗುತ್ತದೆ. ಔಷಧಿ, ಪರೀಕ್ಷೆ, ಇಂಪ್ಲಾಂಟ್‌ಗಳಿಗೆ ಈ ಕಡಿತವಿಲ್ಲ.

ಎರಡನೆಯದು ಟರ್ಮ್ ಪಾಲಿಸಿ, ಮನೆಯಲ್ಲಿ ದುಡಿಯುವವರ ಹೆಸರಿನಲ್ಲಿ. ಇವೆರಡನ್ನೂ ಆರೋಗ್ಯ ಚೆನ್ನಾಗಿರುವಾಗಲೇ ಮಾಡಿಸಬೇಕು. ಆಪರೇಷನ್ ನಂತರ ಮಾಮೂ ಟರ್ಮ್ ಪಾಲಿಸಿಗೆ ಅರ್ಜಿ ಹಾಕಿದರು. ಎರಡು ಕಡೆ ನಿರಾಕರಿಸಿದರು, ಮೂರನೆಯವರು ಬಹಳ ಹೆಚ್ಚು ಪ್ರೀಮಿಯಂ ಹೇಳಿದರು. ಹೆಲ್ತ್ ಪಾಲಿಸಿಯಲ್ಲೂ ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ ಇದೆ, ಈಗಿನ ನಿಯಮದಂತೆ ಗರಿಷ್ಠ 36 ತಿಂಗಳು. ಸಕ್ಕರೆ ಕಾಯಿಲೆ, ಬಿಪಿ ಇದ್ದರೆ ಅರ್ಜಿಯಲ್ಲಿ ಮುಚ್ಚಿಡಬಾರದು. ಮುಚ್ಚಿಟ್ಟರೆ ಕ್ಲೇಮ್ ಬಂದ ದಿನ ಅದೇ ಕಾರಣ ಹೇಳಿ ತಿರಸ್ಕರಿಸಬಹುದು, ಮತ್ತೆ ಫಂಡ್ ಮಾರುವ ಸ್ಥಿತಿಯೇ ಬರುತ್ತದೆ.

ಮೂರನೆಯದು ಬ್ಯಾಂಕಿನಲ್ಲಿ ಕೆಲವು ತಿಂಗಳ ಮನೆ ಖರ್ಚು. ವಿಮೆ ಗ್ಲೌಸ್, ಸಿರಿಂಜ್‌ನಂಥ ಹಲವು ವಸ್ತುಗಳಿಗೆ ಹಣ ಕೊಡದಿರಬಹುದು. ಮಲಗಿದ ದಿನಗಳ ದುಡಿಮೆಯನ್ನಂತೂ ಕೊಡುವುದಿಲ್ಲ. ಕೆಲವೊಮ್ಮೆ ನಾವು ಮೊದಲು ಕಟ್ಟಿ, ನಂತರ ವಾಪಸ್ ಪಡೆಯಬೇಕಾಗುತ್ತದೆ. ಇವು ಮೂರೂ ಆದ ಮೇಲೆ ಎಸ್‌ಐಪಿ. ತಿಂಗಳಿಗೆ 10,000 ಉಳಿಸಲಾಗುವ ಮನೆ ಅದರಲ್ಲೇ ಪ್ರೀಮಿಯಂ ಎತ್ತಿಟ್ಟು ಉಳಿದದ್ದನ್ನು ಹೂಡಿದರೆ, ಆ ಹೂಡಿಕೆ ಕೈ ಮುಟ್ಟದೆ ಉಳಿಯುತ್ತದೆ.

ಪ್ರೀಮಿಯಂ ಕಟ್ಟಲಾಗದ ಮನೆಗಳಿಗೂ ದಾರಿ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5,00,000 ರೂಪಾಯಿವರೆಗೆ ಚಿಕಿತ್ಸೆ ಇದೆ. ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿಂದ ರೆಫರಲ್ ಪಡೆಯಬೇಕು. ಬ್ಯಾಂಕ್ ಖಾತೆ ಇರುವ 18ರಿಂದ 50 ವರ್ಷದವರಿಗೆ ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆ ವರ್ಷಕ್ಕೆ 436 ರೂಪಾಯಿಗೆ 2,00,000ದ ಜೀವ ವಿಮೆ ಕೊಡುತ್ತದೆ. ಅದು ಸಾಲುವುದಿಲ್ಲ, ಆದರೆ ಏನೂ ಇಲ್ಲದ್ದಕ್ಕಿಂತ ಮೇಲು.

ವಿಮೆ ಮಾಡಿಸುವುದು ಸರಿಯೇ ಎಂಬ ಪ್ರಶ್ನೆ ನಮ್ಮಲ್ಲಿ ಕೆಲವು ಮನೆಗಳಲ್ಲಿದೆ. ಅದಕ್ಕೆ ಉತ್ತರವನ್ನು ಆಲಿಮರಲ್ಲಿ ಕೇಳಬೇಕು, ನಾನು ಹೇಳುವಂತಿಲ್ಲ. ಆದರೆ ವಾಣಿಜ್ಯದ ಲೆಕ್ಕ ಇಷ್ಟು: ವಿಮೆ ಬೇಡ ಎನ್ನುವವರು ಆಸ್ಪತ್ರೆಯ ಹಣವನ್ನು ಷೇರಿನಿಂದ ಹೊರಗೆ, ಬೇಕೆಂದ ದಿನ ಸಿಗುವ ಕಡೆ ಇಡಬೇಕು.

ನಾನು ಕಳೆದ ತಿಂಗಳು ಅಬ್ಬಾ ಅವರ ಪಾಲಿಸಿ ಹುಡುಕಿದೆ. ಅದು ಅಲ್ಮೇರಾದಲ್ಲಿ ಪಡಿತರ ಚೀಟಿಯ ಕೆಳಗಿತ್ತು. ವಿಮಾ ಮೊತ್ತ, ಕೊಠಡಿ ಬಾಡಿಗೆಯ ಮಿತಿ, ಕಾಯುವ ಅವಧಿ, ಯಾರ ಯಾರ ಹೆಸರಿದೆ ಎಂಬ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆದೆ. ಅಮ್ಮಿಯ ಹೆಸರು ಅದರಲ್ಲಿ ಇರಲೇ ಇಲ್ಲ. ಈ ರಿನ್ಯೂವಲ್‌ಗೆ ಸೇರಿಸುತ್ತಿದ್ದೇವೆ. ನನ್ನ 500 ರೂಪಾಯಿಯ ಎಸ್‌ಐಪಿ ಅದಾದ ಮೇಲೆ.