ಒಂದು ಇಮೇಲ್, ಒಂಬತ್ತು ಪ್ರಶ್ನೆ

ಮೈಸೂರಿನ ಕಲ್ಯಾಣ ಮಂಟಪವೊಂದರ ಕಚೇರಿಗೆ ಪುಣೆಯಿಂದ ಹೀಗೊಂದು ಇಮೇಲ್ ಬಂದಿದೆ ಎಂದಿಟ್ಟುಕೊಳ್ಳಿ:

“ಫೆಬ್ರವರಿ 14, 15ರಂದು ಮಂಟಪ ಖಾಲಿ ಇದೆಯೇ? ಹಿಂದಿನ ದಿನ ಎಷ್ಟು ಗಂಟೆಗೆ ಒಳಗೆ ಬಿಡುತ್ತೀರಿ, ಮದುವೆ ಮುಗಿದ ಮೇಲೆ ಎಷ್ಟು ಗಂಟೆಗೆ ಖಾಲಿ ಮಾಡಬೇಕು? ಅಡುಗೆಗೆ ನಮ್ಮದೇ ಭಟ್ಟರನ್ನು ಕರೆತರುವ ಯೋಚನೆ ಇದೆ. ಪಾತ್ರೆಗಳು ನಿಮ್ಮಲ್ಲೇ ಸಿಗುತ್ತವೆ ಅಂದುಕೊಂಡಿದ್ದೇವೆ. ಕರೆಂಟ್ ಹೋದರೆ ಜನರೇಟರ್ ಇದೆಯಾ, ಡೀಸೆಲ್ ಬಾಡಿಗೆಯಲ್ಲೇ ಸೇರಿದೆಯಾ? ನಮ್ಮ ಅಜ್ಜಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ. ಮುಂಗಡ ಎಷ್ಟು ಕೊಡಬೇಕು?”

ಮ್ಯಾನೇಜರು ಇದನ್ನು ಫೋನಿನಲ್ಲೇ ಓದಿ, “ಖಾಲಿ ಇದೆ ಸರ್. ಜನರೇಟರ್ ಇದೆ. ಮುಂಗಡ 25,000” ಎಂದು ಬರೆದು ಕಳಿಸುತ್ತಾರೆ. ಸುಳ್ಳೇನೂ ಇಲ್ಲ, ಉಡಾಫೆಯೂ ಇಲ್ಲ. ಆದರೂ ಪುಣೆಯವರು ಇನ್ನೂ ಮೂರು ಸಲ ಬರೆಯಬೇಕು. ಅಷ್ಟಾಗಿಯೂ ಅಜ್ಜಿಯ ವಿಷಯ ಹಾಗೇ ಉಳಿದುಬಿಡಬಹುದು.

ಈ ಪತ್ರದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ನಾಲ್ಕೇ. ಉತ್ತರ ಬೇಕಾದ ಸಂಗತಿಗಳು ಮಾತ್ರ ಒಂಬತ್ತು. ಒಳಗೆ ಬರುವ ಸಮಯ, ಖಾಲಿ ಮಾಡುವ ಸಮಯ ಎರಡೂ ಒಂದೇ ಚಿಹ್ನೆಯಡಿ ಇವೆ. ಜನರೇಟರ್ ಮತ್ತು ಡೀಸೆಲ್ ಕೂಡ ಹಾಗೆಯೇ. ಹೊರಗಿನ ಭಟ್ಟರಿಗೆ ಅನುಮತಿ ಇದೆಯೋ ಇಲ್ಲವೋ ಎಂದು ಅವರು ಕೇಳಿಯೇ ಇಲ್ಲ, ತಮ್ಮ ಯೋಚನೆ ಹೇಳಿದ್ದಾರೆ ಅಷ್ಟೆ. ಪಾತ್ರೆಯ ಮಾತು ಊಹೆಯ ರೂಪದಲ್ಲಿದೆ. ಅಜ್ಜಿಯ ಸಾಲಂತೂ ಬರೀ ಸುದ್ದಿಯಂತೆ ಕಾಣುತ್ತದೆ. ಕೇಳುತ್ತಿರುವುದು ಲಿಫ್ಟ್ ಇದೆಯೇ, ಇಲ್ಲವಾದರೆ ಕೆಳಗಿನ ಅಂತಸ್ತಿನಲ್ಲಿ ಕೋಣೆ ಸಿಗುತ್ತದೆಯೇ ಎಂದು. ಕೈತಪ್ಪುವುದು ಹೆಚ್ಚಾಗಿ ಇಂಥ ಸಾಲುಗಳೇ. ಆದ್ದರಿಂದ ಉತ್ತರ ಬರೆಯುವ ಮೊದಲು ಪತ್ರವನ್ನು ಸಾಲು ಸಾಲಾಗಿ ಓದಿ, ಕೇಳಿದ್ದಕ್ಕೆಲ್ಲ ಒಂದೊಂದು ಸಂಖ್ಯೆ ಕೊಟ್ಟುಕೊಳ್ಳಬೇಕು. ನನ್ನ ಮಟ್ಟಿಗೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಆಮೇಲೆ ದಾರಿ ಎರಡು. ಕೇಳಿದವರು ಪ್ರಶ್ನೆಗಳನ್ನು ಬೇರೆ ಬೇರೆ ಸಾಲಿನಲ್ಲಿ ಬರೆದಿದ್ದರೆ, ಅವರ ಪತ್ರದ ಒಳಗೇ, ಪ್ರತಿ ಪ್ರಶ್ನೆಯ ಕೆಳಗೆ ಉತ್ತರ ಬರೆಯುವುದು ಸುಲಭ. ಇಂಟರ್ನೆಟ್ ಶಿಷ್ಟಾಚಾರ ಕುರಿತ 1995ರ ದಾಖಲೆ ‘ಆರ್‌ಎಫ್‌ಸಿ 1855’ ಕೂಡ, ಸಂದರ್ಭ ತಿಳಿಯಲು ಬೇಕಾದಷ್ಟು ಮೂಲ ಬರಹವನ್ನು ಮಾತ್ರ ಉತ್ತರದಲ್ಲಿ ಇಡಿ ಎನ್ನುತ್ತದೆ. ಇದರಲ್ಲಿ ಎರಡು ತೊಡಕುಗಳಿವೆ. ಜಿಮೇಲ್ ಹಳೆಯ ಪತ್ರವನ್ನು ಮೂರು ಚುಕ್ಕಿಗಳ ಹಿಂದೆ ಮಡಚಿಡುತ್ತದೆ. ಓದುವವರಿಗೆ ಬರೀ “ನಮಸ್ಕಾರ” ಕಂಡು, ಉತ್ತರವೇ ಬಂದಿಲ್ಲ ಅನ್ನಿಸಬಹುದು. ಹಾಗಾಗಿ ಮೊದಲ ಸಾಲಿನಲ್ಲೇ “ನಿಮ್ಮ ಪ್ರಶ್ನೆಗಳ ಕೆಳಗೇ ಉತ್ತರ ಬರೆದಿದ್ದೇನೆ” ಎಂದು ತಿಳಿಸಬೇಕು. ಇನ್ನೊಂದು ತೊಡಕು ಬಣ್ಣದ್ದು. ಉತ್ತರವನ್ನು ನೀಲಿ ಅಥವಾ ಕೆಂಪು ಅಕ್ಷರದಲ್ಲಿ ಬರೆಯುವುದು ಕಚೇರಿಗಳಲ್ಲಿ ರೂಢಿ. ಕಪ್ಪು-ಬಿಳುಪು ಪ್ರಿಂಟ್ ತೆಗೆದರೆ ಆ ಗುರುತು ಹೋಗುತ್ತದೆ, ಬಣ್ಣ ಗುರುತಿಸಲಾಗದವರಿಗೆ ಅದು ಇದ್ದೂ ಇಲ್ಲ. ಪ್ರತಿ ಉತ್ತರದ ಮುಂದೆ “ಉತ್ತರ:” ಎಂದೋ ನಿಮ್ಮ ಹೆಸರನ್ನೋ ಬರೆದರೆ ಬಣ್ಣದ ಹಂಗೇ ಇರುವುದಿಲ್ಲ.

ಪುಣೆಯ ಪತ್ರ ಒಂದೇ ಪ್ಯಾರಾದಲ್ಲಿದೆ. ಅದನ್ನು ತುಂಡು ಮಾಡುವ ಬದಲು ಸಂಖ್ಯೆ ಹಾಕಿ ಹೊಸದಾಗಿ ಬರೆಯುವುದೇ ಲೇಸು:

1. ಫೆ. 14, 15: ಎರಡೂ ದಿನ ಖಾಲಿ ಇದೆ.
2. ಒಳಗೆ ಬರುವುದು: 14ರ ಮಧ್ಯಾಹ್ನ 3ರ ನಂತರ.
3. ಖಾಲಿ ಮಾಡುವುದು: 15ರ ಸಂಜೆ 5ರೊಳಗೆ.
4. ನಿಮ್ಮ ಭಟ್ಟರು: ಕರೆತರಬಹುದು.
5. ಪಾತ್ರೆ: 500 ಜನರ ಅಡುಗೆಗಾಗುವಷ್ಟಿದೆ, ಬಡಿಸುವ ಪಾತ್ರೆಯೂ ಸೇರಿ.
6. ಜನರೇಟರ್: ಇದೆ.
7. ಡೀಸೆಲ್: ಬಾಡಿಗೆಯಲ್ಲಿ ಸೇರಿಲ್ಲ. ಗಂಟೆಯ ಲೆಕ್ಕ ಮಾಲೀಕರನ್ನು ಕೇಳಿ ಶುಕ್ರವಾರದೊಳಗೆ ತಿಳಿಸುತ್ತೇನೆ.
8. ಅಜ್ಜಿಗೆ ಕೋಣೆ: ಲಿಫ್ಟ್ ಇಲ್ಲ. ಊಟದ ಹಾಲ್ ಪಕ್ಕದ ಕೆಳಗಿನ ಕೋಣೆ ಕೊಡುತ್ತೇವೆ.
9. ಮುಂಗಡ: 25,000 ರೂಪಾಯಿ.

ಪ್ರತಿ ಸಂಖ್ಯೆಯ ಮುಂದೆ ವಿಷಯದ ಹೆಸರಿರುವುದನ್ನು ಗಮನಿಸಿ. “6. ಇದೆ” ಎಂದಷ್ಟೇ ಬರೆದರೆ, ಈ ಪತ್ರ ಹುಡುಗನ ಕಡೆಯವರಿಗೆ ಫಾರ್ವರ್ಡ್ ಆದಾಗ ಏನಿದೆ ಎಂದು ಅವರಿಗೆ ತಿಳಿಯುವುದಿಲ್ಲ. ಏಳನೆಯದಕ್ಕೆ ಪೂರ್ತಿ ಉತ್ತರ ಸಿದ್ಧವಿಲ್ಲದಿದ್ದರೂ ಅದನ್ನು ಬಿಟ್ಟಿಲ್ಲ. ಬಿಟ್ಟಿದ್ದರೆ ಮರೆತದ್ದೋ ಜಾರಿಕೊಂಡದ್ದೋ ಎಂದು ಪುಣೆಯವರು ಯೋಚಿಸುತ್ತ ಕೂರಬೇಕಾಗುತ್ತಿತ್ತು.

ಸಂಖ್ಯೆಗಳನ್ನು ಕೈಯಾರೆ ಟೈಪ್ ಮಾಡುವುದು ಒಳ್ಳೆಯದು. ತಾನಾಗಿ ಮೂಡುವ ಪಟ್ಟಿಯಲ್ಲಿ ನಡುವಿನ ಒಂದು ಸಾಲು ಅಳಿಸಿದರೆ ಕೆಳಗಿನವೆಲ್ಲ ಮೇಲೆ ಸರಿಯುತ್ತವೆ. ಡೀಸೆಲ್ ಆರನೆಯದಾಗಿಬಿಡುತ್ತದೆ. ಕೇಳಿದವರೇ ಸಂಖ್ಯೆ ಹಾಕಿದ್ದರೆ ಅವನ್ನು ಬದಲಿಸಬಾರದು. ಒಂದರೊಳಗೆ ಎರಡು ಪ್ರಶ್ನೆ ಇದ್ದರೆ 4ಅ, 4ಆ ಎಂದು ಒಡೆದರಾಯಿತು.

ಮಾತು ಎರಡು-ಮೂರು ಸುತ್ತು ಬೆಳೆದರೆ, ಒಳಗೊಳಗೇ ಉತ್ತರಿಸುವ ಕ್ರಮ ಸೋಲುತ್ತದೆ. ಹಳೆಯ ಸಾಲಿನ ಮುಂದೆ `>`, ಅದಕ್ಕೂ ಹಳೆಯದರ ಮುಂದೆ `>>` ಎಂದು ಗುರುತುಗಳು ಪೇರಿಸಿಕೊಂಡು, ಯಾವ ಮಾತು ಯಾರದ್ದು ಎಂಬುದೇ ತಿಳಿಯದಾಗುತ್ತದೆ. ಸಂಖ್ಯೆಗೆ ಆ ಕಷ್ಟವಿಲ್ಲ. ಶುಕ್ರವಾರದ ಪತ್ರದಲ್ಲಿ “7. ಡೀಸೆಲ್” ಎಂಬ ಒಂದೇ ಸಾಲು ಇದ್ದರೆ ಸಾಕು.